ಕೋಡಂಗಿ ಟೋಪಿಗೆ ಎಷ್ಟು ಡಿಗ್ರಿ ಕತ್ತರಿಸಬೇಕು? ಕಾಲು ವೃತ್ತ ಮಾಡಿದರೂ ಎತ್ತರ ಯಾಕೆ ಏರುತ್ತಿಲ್ಲ?

ಚಾರ್ಟ್‌ಪೇಪರ್ ಅಮ್ಮ
ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ 12 ಕೋಡಂಗಿ ಟೋಪಿ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ. ಮೂರನೇ ತರಗತಿ ಮಕ್ಕಳು. ತಲೆಯ ಸುತ್ತಳತೆ ಸುಮಾರು 50 ಸೆಂ.ಮೀ. ಟೋಪಿ 25 ಸೆಂ.ಮೀ. ಎತ್ತರ ಇರಬೇಕು ಅಂತ ಟೀಚರ್ ಹೇಳಿದ್ದಾರೆ.

ಮೊದಲು 20 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು ಅರ್ಧ ಕತ್ತರಿಸಿ ಸುತ್ತಿದೆ. ಮಗಳ ತಲೆಗೆ ಇಟ್ಟರೆ ಸೀದಾ ಮೂಗಿನ ತನಕ ಇಳಿಯಿತು. ಎತ್ತರ ಅಳೆದರೆ 17 ಚಿಲ್ಲರೆ. ಸರಿ, ಸಣ್ಣದೂ ಆಗಬೇಕು, ಎತ್ತರವೂ ಆಗಬೇಕು ಅಂತ ಅದೇ ವೃತ್ತದ ಕಾಲು ಭಾಗ ತೆಗೆದುಕೊಂಡೆ. ಬಾಯಿ ಅರ್ಧಕ್ಕೆ ಅರ್ಧ ಕಿರಿದಾಯಿತು, ಈಗ ಟೋಪಿ ನೆತ್ತಿಯ ಮೇಲೆ ಕೊಂಬಿನ ಹಾಗೆ ನಿಲ್ಲುತ್ತದೆ. ಆದರೆ ಎತ್ತರ ಮಾತ್ರ 19 ಚಿಲ್ಲರೆ. ಬರೀ 2 ಸೆಂ.ಮೀ. ಜಾಸ್ತಿ! ಅಗಲ ಅರ್ಧ ಆದರೆ ಎತ್ತರ ಎರಡರಷ್ಟು ಆಗಬೇಕಿತ್ತು ಅಲ್ವಾ? ಎಲ್ಲಿ ತಪ್ಪಿದೆ?

ಗುರು ದಾವಣಗೆರೆ
ಮೇಡಂ, ಇದು ಸುಲಭ. 25 ಎತ್ತರ ಬೇಕು ಅಂದರೆ ಕೈವಾರವನ್ನು 25ಕ್ಕೆ ಇಟ್ಟು ವೃತ್ತ ಬರೆಯಿರಿ. ಪೂರ್ತಿ ವೃತ್ತದ ಸುತ್ತಳತೆ 157 ಬರುತ್ತದೆ. ನಿಮಗೆ ಬೇಕಾಗಿರುವುದು 50. 50ನ್ನು 157ರಿಂದ ಭಾಗಿಸಿ 360ರಿಂದ ಗುಣಿಸಿದರೆ ಸುಮಾರು 115 ಡಿಗ್ರಿ. ಅಷ್ಟು ಕತ್ತರಿಸಿ ಅಂಟಿಸಿ, ಮುಗೀತು.

ಮೆಹಂದಿ ಮಂಜುಳಾ
ಕೋನ್ ಮಾಡುವಾಗ ನನಗೂ ಇದೇ ತೊಂದರೆ. ತುದಿಯಲ್ಲಿ ತೂತು ದೊಡ್ಡದಾಗಿ ಮೆಹಂದಿ ದಪ್ಪಗೆ ಬರುತ್ತದೆ. ಎಷ್ಟು ಡಿಗ್ರಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿದರೆ ತುದಿ ಚೂಪಾಗಿರುತ್ತದೆ?

ಚಾರ್ಟ್‌ಪೇಪರ್ ಅಮ್ಮ
ಮಂಜುಳಾ ಅವರೇ, ನಂದು ಟೋಪಿ, ಮೆಹಂದಿ ಅಲ್ಲ 😄 ಗುರು ಅವರೇ, ಥ್ಯಾಂಕ್ಸ್. ರಾತ್ರಿ ಮಾಡಿ ನೋಡುತ್ತೇನೆ.

ನಿವೃತ್ತ ಮೇಷ್ಟ್ರು
ಕತ್ತರಿ ಹಾಕುವ ಮುಂಚೆ ಸ್ವಲ್ಪ ತಡೆಯಿರಮ್ಮ. ಗುರು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅರ್ಧ ಇಲ್ಲ.

ಸರಿ ಇರುವ ಅರ್ಧ ಇದು. ನೀವು ಕತ್ತರಿಸಿದ ಬೀಸಣಿಗೆಯಂಥ ತುಂಡಿಗೆ ಎರಡು ನೇರ ಅಂಚು, ಒಂದು ಬಾಗಿದ ಅಂಚು ಇರುತ್ತದೆ. ಸುತ್ತಿದಾಗ ಬಾಗಿದ ಅಂಚೇ ಟೋಪಿಯ ಬಾಯಿ ಆಗುತ್ತದೆ. ಕಾಗದ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹಾಗಾಗಿ ಬಾಗಿದ ಅಂಚು 50 ಇದ್ದರೆ ಬಾಯಿಯ ಸುತ್ತಳತೆ 50. ಕೋನ ಅರ್ಧ ಮಾಡಿದರೆ ಆ ಅಂಚು ಅರ್ಧ, ಬಾಯಿಯೂ ಅರ್ಧ. ನಿಮ್ಮ ಕಾಲು ವೃತ್ತದಲ್ಲಿ ಆಗಿದ್ದು ಇದೇ.

ತಪ್ಪಿರುವ ಅರ್ಧ ಎತ್ತರದ್ದು. ಕೈವಾರಕ್ಕೆ ಇಟ್ಟ ಅಳತೆ ಟೋಪಿಯ ಎತ್ತರ ಆಗುವುದಿಲ್ಲ. ಅದು ತುದಿಯಿಂದ ಅಂಚಿನವರೆಗೆ ಕಾಗದದ ಮೇಲೆ ಬೆರಳು ಜಾರಿಸಿದರೆ ಸಿಗುವ ಉದ್ದ, ಪಠ್ಯದಲ್ಲಿ ಓರೆ ಎತ್ತರ ಅಂತೀವಲ್ಲ ಅದು. ನೆಟ್ಟಗಿನ ಎತ್ತರ ಯಾವಾಗಲೂ ಅದಕ್ಕಿಂತ ಕಡಿಮೆ. ಗುರು ಲೆಕ್ಕದ ಪ್ರಕಾರ ಕತ್ತರಿಸಿದರೆ ಬಾಯಿ ಸರಿಯಾಗಿ 50 ಬರುತ್ತದೆ, ಎತ್ತರ 23.7ಕ್ಕೆ ನಿಲ್ಲುತ್ತದೆ.

ಈಗ ಎತ್ತರ ಯಾಕೆ ಎರಡರಷ್ಟು ಆಗಲಿಲ್ಲ ಅನ್ನುವುದಕ್ಕೆ ಒಂದು ಏಣಿ ನೆನಪಿಸಿಕೊಳ್ಳಿ. ಅಟ್ಟ ಹತ್ತಲು ಗೋಡೆಗೆ ಒರಗಿಸಿದ ಏಣಿ. ಏಣಿಯ ಉದ್ದ ಅಂದರೆ ನಿಮ್ಮ 20. ಏಣಿಯ ಬುಡ ಗೋಡೆಯಿಂದ ಎಷ್ಟು ದೂರ ಇದೆಯೋ ಅದು ಟೋಪಿಯ ಬಾಯಿಯ ತ್ರಿಜ್ಯ. ಮೇಲ್ತುದಿ ಗೋಡೆಗೆ ತಾಗಿದ ಎತ್ತರವೇ ಟೋಪಿಯ ಎತ್ತರ. ಬುಡ 10ರಲ್ಲಿದ್ದಾಗ ಮೇಲ್ತುದಿ 17.3ರಲ್ಲಿ. ಬುಡವನ್ನು 5ಕ್ಕೆ ತಳ್ಳಿದರೆ ಮೇಲ್ತುದಿ 19.4. ಪೂರ್ತಿ ಗೋಡೆಗೇ ತಾಗಿಸಿ ನಿಲ್ಲಿಸಿದರೂ 20 ದಾಟುವುದಿಲ್ಲ. 20 ಅಡಿ ಏಣಿ ಇಟ್ಟುಕೊಂಡು 25 ಅಡಿ ಹತ್ತಲು ಬರುತ್ತದೆಯೇ? ಕೋನ ಎಷ್ಟೇ ಕಡಿಮೆ ಮಾಡಿದರೂ 20ರ ಕಾಗದದಲ್ಲಿ 25ರ ಟೋಪಿ ಆಗುವುದಿಲ್ಲ. ಉದ್ದ ಬೇಕು ಅಂದರೆ ಕೈವಾರ ಅಗಲಿಸಬೇಕು. ಕೋನ ಇರುವುದು ಬಾಯಿ ಹೊಂದಿಸಲು.

ಗುರು ದಾವಣಗೆರೆ
ಓಹ್, ಹೌದು ಸಾರ್. ಬಾಗಿದ ಅಂಚಿನ ಗುಂಗಲ್ಲಿ ಇದ್ದೆ, ಓರೆ ಎತ್ತರ ತಲೆಗೆ ಬರಲೇ ಇಲ್ಲ. ಆದರೆ ವ್ಯತ್ಯಾಸ 1.3 ಸೆಂ.ಮೀ. ತಾನೇ? ಸ್ಟೇಜ್ ಮೇಲೆ ಯಾರು ಅಳೆಯುತ್ತಾರೆ?

ನಿವೃತ್ತ ಮೇಷ್ಟ್ರು
ಈ ಟೋಪಿಯಲ್ಲಿ ಯಾರಿಗೂ ಕಾಣುವುದಿಲ್ಲ, ಒಪ್ಪುತ್ತೇನೆ. ಟೋಪಿ ಸಪೂರವಾಗಿದೆ, ಏಣಿ ಹೆಚ್ಚುಕಮ್ಮಿ ನೆಟ್ಟಗೆ ನಿಂತಿದೆ. ಅಗಲವಾದ ಕೋನ್‌ನಲ್ಲಿ ಇದೇ ಅಂದಾಜು ಕೈಕೊಡುತ್ತದೆ.

ಲೆಕ್ಕ ಹೀಗೆ. ಬೇಕಾದ ಬಾಯಿ 50, ಅದರ ತ್ರಿಜ್ಯ 50 ÷ 6.28, ಅಂದರೆ 7.96. ಎತ್ತರ 25. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 26.2. ಕೈವಾರ ಇಡಬೇಕಾದದ್ದು ಅಷ್ಟಕ್ಕೆ. ಆಮೇಲೆ ಕೋನ: 360 × 7.96 ÷ 26.2, ಸುಮಾರು 109 ಡಿಗ್ರಿ. ಬರೆದಿಟ್ಟುಕೊಳ್ಳುವವರಿಗೆ, R ಕೈವಾರದ ಅಳತೆ, r ಬಾಯಿಯ ತ್ರಿಜ್ಯ, h ಎತ್ತರ, θ ಕತ್ತರಿಸುವ ಕೋನ:

```
R = √(r² + h²)
θ = 360 × r / R
```

ಮೊದಲು R, ಆಮೇಲೆ θ. ತುಂಬ ಜನ ಕೋನದಿಂದ ಶುರು ಮಾಡಿ ಕಾಗದ ಹಾಳು ಮಾಡಿಕೊಳ್ಳುತ್ತಾರೆ.

ತಗಡು ಕೆಲಸ
ಮೇಷ್ಟ್ರು ಹೇಳಿದ ಅಗಲದ ಕೋನ್‌ನಲ್ಲಿ ಕೈಕೊಡುವುದು ನನಗೆ ಆಗಿದೆ, ದುಡ್ಡು ಕಳೆದುಕೊಂಡು ಕಲಿತೆ.

ಕೆಲಸ ಹೊಸದು ಆಗ. ಒಬ್ಬರು ಹೊಗೆ ಕೊಳವೆ ಮೇಲೆ ಮಳೆ ಬೀಳದ ಹಾಗೆ ತಗಡಿನ ಮುಚ್ಚಳ ಕೇಳಿದರು. ಅಡ್ಡಳತೆ 60 ಸೆಂ.ಮೀ., ನಡುವೆ 10 ಸೆಂ.ಮೀ. ಉಬ್ಬು. ನೋಡಲು ಹೆಚ್ಚುಕಮ್ಮಿ ತಟ್ಟೆಯೇ ಅಲ್ವಾ ಅಂದುಕೊಂಡು 30ರ ತ್ರಿಜ್ಯಕ್ಕೆ ದುಂಡಗೆ ಕತ್ತರಿಸಿದೆ, ಒಂದು ಸಣ್ಣ ಹೋಳು ತೆಗೆದು ಎಳೆದು ಕೂಡಿಸಿದೆ. ಉಬ್ಬೇನೋ ಬಂತು, ಅಡ್ಡಳತೆ 57ಕ್ಕೆ ಇಳಿದುಬಿಟ್ಟಿತು. ಹೋಳು ತೆಗೆದರೆ ಬಾಯಿ ಕಿರಿದಾಗಲೇಬೇಕು, ಅದು ಹೊಳೆಯಲೇ ಇಲ್ಲ. 31.6ಕ್ಕೆ ದುಂಡಗೆ ಕತ್ತರಿಸಿ ಹದಿನೆಂಟೂವರೆ ಡಿಗ್ರಿ ಹೋಳು ತೆಗೆಯಬೇಕಿತ್ತು. ತಗಡು ಪೂರ್ತಿ ವೇಸ್ಟ್.

ಇನ್ನೊಂದು ಮಾತು. ನಾವು ಡಿಗ್ರಿ ಅಳೆಯುವುದೇ ಇಲ್ಲ. ಲಾಳಿಕೆ ಮಾಡುವಾಗ ಬಾಯಿ ಸುತ್ತಳತೆಗೆ ಒಂದು ತಂತಿ ಕತ್ತರಿಸಿಕೊಳ್ಳುತ್ತೇವೆ. ಕೈವಾರದಿಂದ ಬಾಗಿದ ಗೆರೆ ಎಳೆದು ತಂತಿಯನ್ನು ಅದರ ಮೇಲೆ ಕೂರಿಸುತ್ತೇವೆ. ತಂತಿ ಮುಗಿದ ಜಾಗದಿಂದ ನಡುಬಿಂದುವಿಗೆ ಗೆರೆ ಹಾಕಿದರೆ ಆಯಿತು. ಮೇಡಂಗೆ ಕೋನಮಾಪಕ ಬೇಡ. ಮಗುವಿನ ತಲೆಗೆ ಒಂದು ದಾರ ಸುತ್ತಿ, ಅದೇ ದಾರವನ್ನು ಗೆರೆಯ ಮೇಲೆ ಇಡಲಿ.

ನಿವೃತ್ತ ಮೇಷ್ಟ್ರು
ಇದು ನನ್ನ ಸೂತ್ರಕ್ಕಿಂತ ಒಳ್ಳೆಯದು. ಮಕ್ಕಳ ಕೋನಮಾಪಕದಲ್ಲಿ 1 ಡಿಗ್ರಿ ತಪ್ಪುವುದು ಏನೂ ದೊಡ್ಡದಲ್ಲ. 26 ಸೆಂ.ಮೀ. ದೂರಕ್ಕೆ ಹೋದಾಗ ಆ 1 ಡಿಗ್ರಿ ಅಂಚಿನಲ್ಲಿ ಅರ್ಧ ಸೆಂ.ಮೀ.ಗೆ ಹತ್ತಿರ ಆಗುತ್ತದೆ. ದಾರಕ್ಕೆ ಆ ತೊಂದರೆ ಇಲ್ಲ. ಎಳೆದರೆ ಉದ್ದ ಆಗುವ ಉಲ್ಲನ್ ದಾರ ಮಾತ್ರ ಬೇಡ.

ಹತ್ತನೇ ಕ್ಲಾಸ್ ಹುಡುಗ
ಸಾರ್ ಒಂದು ಡೌಟ್. ಏಣಿಯ ಬುಡ ಗೋಡೆಯಿಂದ ತುಂಬ ದೂರ ಹೋದರೆ? ಅಂದರೆ ಕೋನ 360ಕ್ಕೆ ಹತ್ತಿರ. ಆಗಲೂ ಎತ್ತರ ನಿಧಾನಕ್ಕೇ ಬದಲಾಗುತ್ತದಾ?

ನಿವೃತ್ತ ಮೇಷ್ಟ್ರು
ಇಲ್ಲ ಮರಿ. ಅಲ್ಲಿ ಉಲ್ಟಾ. ಬುಡ ದೂರ ಹೋದ ಮೇಲೆ ಏಣಿ ಜಾರುವುದು ನೋಡಿದ್ದೀಯಲ್ಲ, ಮೇಲ್ತುದಿ ದಬಕ್ಕನೆ ಬೀಳುತ್ತದೆ.

ಒಂದು ಹಾಳೆಯಲ್ಲಿ 20 ಸೆಂ.ಮೀ. ತ್ರಿಜ್ಯದ ಪೂರ್ತಿ ವೃತ್ತ ಕತ್ತರಿಸು. ಅಂಚಿನಿಂದ ನಡುಬಿಂದುವರೆಗೆ ಒಂದೇ ಒಂದು ಸೀಳು ಹಾಕು. ಏನನ್ನೂ ಕತ್ತರಿಸಿ ಬಿಸಾಡಬೇಡ, ಸೀಳಿನ ಒಂದು ಅಂಚನ್ನು ಇನ್ನೊಂದರ ಮೇಲೆ ಜಾರಿಸುತ್ತಾ ಹೋಗು. 10 ಡಿಗ್ರಿ ಜಾರಿಸಿದರೆ, ಅಂದರೆ ಅಂಚಿನಲ್ಲಿ ಮೂರೂವರೆ ಸೆಂ.ಮೀ., ನಡುಭಾಗ ಮೇಜಿನಿಂದ 4.7 ಸೆಂ.ಮೀ. ಎದ್ದು ನಿಲ್ಲುತ್ತದೆ. 30 ಡಿಗ್ರಿಗೆ 8. 90 ಡಿಗ್ರಿಗೆ 13.2. 180 ಡಿಗ್ರಿಗೆ 17.3. 270 ಡಿಗ್ರಿ ಜಾರಿಸಿ ಕಾಲು ವೃತ್ತ ಉಳಿಸಿದರೆ 19.4. ಮೊದಲ 10 ಡಿಗ್ರಿ 4.7 ಸೆಂ.ಮೀ. ಕೊಟ್ಟಿತು, ಕೊನೆಯ 90 ಡಿಗ್ರಿ ಬರೀ 2 ಕೊಟ್ಟಿತು. ಅಮ್ಮನವರಿಗೆ ಸಿಕ್ಕಿದ್ದು ಆ 2. ಆ ಹೊತ್ತಿಗೆಲ್ಲ ಬಾಯಿಯ ತ್ರಿಜ್ಯ ಮಾತ್ರ 20ರಿಂದ 5ಕ್ಕೆ ಒಂದೇ ಸಮನೆ ಇಳಿದಿರುತ್ತದೆ, ಪ್ರತಿ 90 ಡಿಗ್ರಿಗೆ 5ರಂತೆ.

ಹತ್ತನೇ ಕ್ಲಾಸ್ ಹುಡುಗ
ಮಾಡಿದೆ ಸಾರ್! ಕೈಯಲ್ಲಿ ಹಿಡಿದು ಜಾರಿಸಿದರೆ ಗೊತ್ತಾಗುತ್ತೆ. ಸುಮ್ನೆ 1 ಡಿಗ್ರಿ ಲೆಕ್ಕ ಹಾಕಿದೆ, ಅದಕ್ಕೇ ಒಂದೂವರೆ ಸೆಂ.ಮೀ. ಬಂತು. ಅಂಚಿನಲ್ಲಿ ಮೂರೂವರೆ ಮಿ.ಮೀ. ಅಷ್ಟೇ ಜಾರಿಸಿದ್ದು. ಕಾಗದದಲ್ಲಿ ನಿಜವಾಗಿ ಅಳೆಯಲು ಆಗಲಿಲ್ಲ, ಬಗ್ಗಿಬಿಡುತ್ತೆ.

ತಗಡು ಕೆಲಸ
ಮುಚ್ಚಳದಲ್ಲಿ ನಮಗೆ ತಲೆನೋವು ಅದೇ ಪುಟ್ಟ. ಕೂಡಿಸುವಾಗ ಅರ್ಧ ಬೆರಳು ಆಚೀಚೆ ಆದರೆ ಉಬ್ಬು ಬೇರೆ ಆಗಿಬಿಡುತ್ತದೆ. ಲಾಳಿಕೆಯಲ್ಲಿ ಅಷ್ಟು ಆಚೀಚೆ ಆದರೆ ಎತ್ತರದಲ್ಲಿ ಏನೂ ಗೊತ್ತಾಗುವುದಿಲ್ಲ.

ಲ್ಯಾಬ್ ಸುಮಾ
ಲಾಳಿಕೆ ಅಂದಿದ್ದಕ್ಕೆ ನೆನಪಾಯಿತು. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ದುಂಡಗಿನ ಫಿಲ್ಟರ್ ಪೇಪರ್ ಅನ್ನು ಎರಡು ಸಲ ಮಡಚಿ, ಒಂದು ಪದರ ಒಂದು ಕಡೆ, ಮೂರು ಪದರ ಇನ್ನೊಂದು ಕಡೆ ಬರುವ ಹಾಗೆ ಬಿಡಿಸಿ ಗಾಜಿನ ಲಾಳಿಕೆಯಲ್ಲಿ ಕೂರಿಸುತ್ತೇವೆ. ಎಷ್ಟು ಸೈಜಿನ ಪೇಪರ್ ಆದರೂ ಲಾಳಿಕೆಯ ಗೋಡೆಗೆ ಅಂಟಿಕೊಂಡಂತೆ ಕೂರುತ್ತದೆ. ಇಷ್ಟು ವರ್ಷ ಯಾಕೆ ಅಂತ ಕೇಳಿಕೊಂಡಿರಲಿಲ್ಲ. ಮೇಷ್ಟ್ರ ಏಣಿ ನೋಡಿ ಈಗ ಹೊಳೆಯಿತು. ಹಾಗೆ ಬಿಡಿಸಿದಾಗ ಕೋನ್‌ನ ಸುತ್ತ ಬರುವುದು ವೃತ್ತದ ಅರ್ಧ ಮಾತ್ರ, ಅಂದರೆ 180 ಡಿಗ್ರಿ. ಬಾಯಿಯ ಅಡ್ಡಳತೆಯೂ ಓರೆ ಉದ್ದವೂ ಒಂದೇ. ಪಕ್ಕದಿಂದ ನೋಡಿದರೆ ಮೂರೂ ಬದಿ ಸಮ ಇರುವ ತ್ರಿಕೋನ, ತುದಿಯಲ್ಲಿ 60 ಡಿಗ್ರಿ. ಸಾಮಾನ್ಯ ಗಾಜಿನ ಲಾಳಿಕೆಯ ಒಳಗಿನ ಕೋನವೂ 60.

ಗುರು ದಾವಣಗೆರೆ
ಹಾಗಾದರೆ ಕತ್ತರಿಸಿದ ಕೋನ ಬೇರೆ, ತುದಿಯ ಕೋನ ಬೇರೆ. ನಾನು 180 ಕತ್ತರಿಸಿದರೆ ಮೇಲೆ 60 ಕಾಣುತ್ತೆ. 90 ಕತ್ತರಿಸಿದರೆ 30 ಅಲ್ವಾ?

ಲ್ಯಾಬ್ ಸುಮಾ
ಹತ್ತಿರ, ಆದರೆ ಅಷ್ಟೇ ಅಲ್ಲ. 29 ಬರುತ್ತದೆ. ಮೂರನೇ ಒಂದು ಅನ್ನುವ ಲೆಕ್ಕ ಸಪೂರ ಕೋನ್‌ಗಳಲ್ಲಿ ಹೆಚ್ಚುಕಮ್ಮಿ ನಡೆಯುತ್ತದೆ. 270 ಕತ್ತರಿಸಿದರೆ ನಿಮ್ಮ ಪ್ರಕಾರ 90 ಆಗಬೇಕು, ನಿಜಕ್ಕೂ 97 ಆಗುತ್ತದೆ. 360 ಅಂದರೆ ಸಪಾಟು ಹಾಳೆ, ಅಲ್ಲಿ 180.

ಮೆಹಂದಿ ಮಂಜುಳಾ
ನನ್ನ ಪ್ರಶ್ನೆ ಹಾಗೇ ಉಳಿಯಿತು 🙂

ತಗಡು ಕೆಲಸ
ಅಕ್ಕಾ, ನಿಮ್ಮದು ಸುತ್ತುವ ಕೋನ್. ಕಡಲೆಕಾಯಿ ಪೊಟ್ಟಣದ ಹಾಗೆ. ಅಲ್ಲಿ ಎಷ್ಟು ಡಿಗ್ರಿ ಕತ್ತರಿಸಿದಿರಿ ಅನ್ನುವುದಕ್ಕಿಂತ ಎಷ್ಟು ಬಿಗಿಯಾಗಿ ಸುತ್ತಿದಿರಿ ಅನ್ನುವುದು ಮುಖ್ಯ. ಹುಡುಗ ಸೀಳು ಹಾಕಿ ಜಾರಿಸಿದನಲ್ಲ, ಅದೇ ಕೆಲಸ. ಒಂದರ ಮೇಲೊಂದು ಜಾಸ್ತಿ ಬಂದಷ್ಟೂ ಕೋನ್ ಸಪೂರ. ತುದಿ ತೂತು ಆಗುವುದು ಸುತ್ತುವಾಗ ನಡುಬಿಂದು ಜಾರುವುದರಿಂದ. ಎಡಗೈ ಬೆರಳಲ್ಲಿ ಆ ಬಿಂದುವನ್ನು ಒತ್ತಿ ಹಿಡಿದು ಬಲಗೈಯಲ್ಲಿ ಸುತ್ತಿ ನೋಡಿ.

ಮೆಹಂದಿ ಮಂಜುಳಾ
ಓ, ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಸುತ್ತುತ್ತಿದ್ದೆ. ನೋಡುತ್ತೇನೆ ಅಣ್ಣ.

ಹತ್ತನೇ ಕ್ಲಾಸ್ ಹುಡುಗ
ಪೊಟ್ಟಣ ಅಂದಾಗ ಇನ್ನೊಂದು ಬಂತು. ಅದೇ ವೃತ್ತದಲ್ಲಿ ಯಾವ ಕೋನ ಕತ್ತರಿಸಿದರೆ ಜಾಸ್ತಿ ಚುರುಮುರಿ ಹಿಡಿಯುತ್ತೆ? ಅರ್ಧ ವೃತ್ತ ಇರಬಹುದು ಅನ್ನಿಸುತ್ತೆ, ನಡುವೆ ಇದೆ ಅಲ್ವಾ.

ನಿವೃತ್ತ ಮೇಷ್ಟ್ರು
ನಡುವೆ ಇಲ್ಲ. ಸುಮಾರು 294 ಡಿಗ್ರಿ. ಲೆಕ್ಕ ಮಾಡಲು ಅನುಕೂಲ ಆಗಲಿ ಅಂತ 288 ತೆಗೆದುಕೋ. 20ರ ವೃತ್ತದಲ್ಲಿ ಬಾಯಿಯ ತ್ರಿಜ್ಯ 16, ಎತ್ತರ 12, ಎಲ್ಲ ಪೂರ್ಣಾಂಕ. ಹಿಡಿಯುವುದು ಸುಮಾರು 3217 ಘನ ಸೆಂ.ಮೀ. ಅರ್ಧ ವೃತ್ತಕ್ಕೆ 1814 ಮಾತ್ರ. ಬಾಯಿಯ ತ್ರಿಜ್ಯ ಎರಡು ಸಲ ಗುಣಿಸಿಕೊಳ್ಳುತ್ತದೆ, ಎತ್ತರ ಒಂದೇ ಸಲ. ಹಾಗಾಗಿ ಎತ್ತರ ಸ್ವಲ್ಪ ಕಳೆದುಕೊಂಡರೂ ಅಗಲಕ್ಕೆ ಹೋಗುವುದು ಲಾಭ, ಒಂದು ಹಂತದ ತನಕ.

ಗುರು ದಾವಣಗೆರೆ
ಆದರೆ ಚುರುಮುರಿಯವನು ಹಾಗೆ ಮಾಡಿದ್ದು ನಾನೆಲ್ಲೂ ನೋಡಿಲ್ಲ. ಅಷ್ಟು ಅಗಲದ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು ತಿನ್ನುವುದು ಹೇಗೆ?

ಚಾರ್ಟ್‌ಪೇಪರ್ ಅಮ್ಮ
ಮಾಡಿದೆ! ದಾರದ ಉಪಾಯ ಚೆನ್ನಾಗಿ ನಡೆಯಿತು. ಅಷ್ಟು ದೊಡ್ಡ ಕೈವಾರ ಇರಲಿಲ್ಲ, ಗುಂಡುಸೂಜಿ ಚುಚ್ಚಿ ಪೆನ್ಸಿಲ್‌ಗೆ ದಾರ ಕಟ್ಟಿ 26.2ಕ್ಕೆ ಎಳೆದೆ. ಆದರೆ ಎರಡು ತಕರಾರು. ಒಂದು, ಟೋಪಿ ತಲೆಗೆ ಬಿಗಿ. ಅಳೆದರೆ ಬಾಯಿ 48.5. ಎರಡು, ತುದಿ ಚೂಪಾಗಿ ಬಂದಿಲ್ಲ, ಅಲ್ಲಿ ಕಾಗದ ಗಂಟು ಕಟ್ಟಿಕೊಂಡು ಮುರಿದ ಹಾಗೆ ಆಗಿದೆ.

ತಗಡು ಕೆಲಸ
ಅಂಟಿಸುವುದಕ್ಕೆ ಒಂದೂವರೆ ಸೆಂ.ಮೀ. ಒಳಗೆ ಸೇರಿಸಿದಿರಿ ಅಲ್ವಾ? ಅದನ್ನು 50ರ ಹೊರಗೆ ಬಿಡಬೇಕು. ಗೆರೆ ಹಾಕಿದ ಮೇಲೆ ಅಂಟಿಸುವ ಪಟ್ಟಿ ಬೇರೆ. ನಾವು ಜೋಡಣೆಗೆ ಬಿಡುವುದನ್ನು ಯಾವತ್ತೂ ಅಳತೆಯೊಳಗೆ ಲೆಕ್ಕ ಹಿಡಿಯುವುದಿಲ್ಲ.

ಚಾರ್ಟ್‌ಪೇಪರ್ ಅಮ್ಮ
ಅಯ್ಯೋ, ಹೌದು. ಅದೇ ಮಾಡಿದ್ದು.

ಲ್ಯಾಬ್ ಸುಮಾ
ತುದಿಯ ಗಂಟಿಗೂ ಆ ಪಟ್ಟಿಯೇ ಕಾರಣ ಇರಬೇಕು. ಮೇಲಿಂದ ಕೆಳಗೆ ಒಂದೇ ಅಗಲ ಬಿಟ್ಟಿರುತ್ತೀರಿ. ಕೆಳಗೆ ಒಂದೂವರೆ ಸೆಂ.ಮೀ. ಸರಿ, ತುದಿಯ ಹತ್ತಿರ ಕೋನ್‌ನ ಸುತ್ತಳತೆಯೇ ಒಂದೂವರೆ ಸೆಂ.ಮೀ. ಇರುವುದಿಲ್ಲ. ಪಟ್ಟಿ ಅಲ್ಲಿ ಪೂರ್ತಿ ಸುತ್ತು ಹೊಡೆದು ಮುದ್ದೆ ಆಗುತ್ತದೆ. ತುದಿಯಿಂದ 3 ಸೆಂ.ಮೀ. ದೂರದವರೆಗೆ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ತೆಗೆಯಿರಿ. ಹಾಗಂತ ಪಟ್ಟಿಯನ್ನು ಪೂರ್ತಿ ಬೀಸಣಿಗೆ ಆಕಾರದಲ್ಲಿ, 3 ಡಿಗ್ರಿ ಜಾಸ್ತಿ ಅಂತ ಬಿಟ್ಟರೆ, ಮೇಲಿನ ಅರ್ಧಕ್ಕೆ ಗೋಂದು ಹಿಡಿಯುವಷ್ಟು ಜಾಗ ಸಿಗುವುದಿಲ್ಲ, ಬಿಟ್ಟುಕೊಳ್ಳುತ್ತದೆ.

ತಗಡು ಕೆಲಸ
ಸುತ್ತುವ ಮುಂಚೆ ಚಾರ್ಟನ್ನು ಮೇಜಿನ ಅಂಚಿಗೆ ಒತ್ತಿ ಎಳೆಯಿರಿ ಮೇಡಂ, ಬಾಗು ಬರುತ್ತದೆ. ಅದಿಲ್ಲದೆ ಸುತ್ತಿದರೆ ಚಾರ್ಟ್ ಅಲ್ಲಲ್ಲಿ ಮುರಿದು ಕೋನ್ ಹೋಗಿ ಪಿರಮಿಡ್ ಆಗುತ್ತದೆ. ಹಾಳೆ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಮೊಂಡು. ಸಲೀಸಾದ ದಿಕ್ಕಿಗೆ ಟೋಪಿ ಸುತ್ತುವ ಹಾಗೆ ಗೆರೆ ಹಾಕಿಕೊಳ್ಳಿ.

ಚಾರ್ಟ್‌ಪೇಪರ್ ಅಮ್ಮ
ಎರಡನೇದು ಸರಿಯಾಗಿ ಬಂತು. ಬಾಯಿ 50, ಎತ್ತರ ಸ್ಕೇಲ್ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ 25ಕ್ಕೆ ಕೂದಲೆಳೆ ಕಡಿಮೆ. ಮಗಳು ತೆಗೆಯಲು ಬಿಡುತ್ತಿಲ್ಲ. ಕೊನೆಯ ಪ್ರಶ್ನೆ: ಅಂಗಡಿ ಚಾರ್ಟ್ 56ಕ್ಕೆ 71 ಸೆಂ.ಮೀ. ಇದೆ. ಒಂದರಲ್ಲಿ ಎಷ್ಟು ಟೋಪಿ ಕೂರುತ್ತವೆ? ಎಷ್ಟು ಚಾರ್ಟ್ ತರಲಿ?

ಗುರು ದಾವಣಗೆರೆ
ಒಂದು ತುಂಡಿನ ವಿಸ್ತೀರ್ಣ ಸುಮಾರು 656. ಚಾರ್ಟ್ 3976. ಭಾಗಿಸಿದರೆ ಆರು! ಎರಡು ಚಾರ್ಟ್ ಸಾಕು.

ತಗಡು ಕೆಲಸ
ವಿಸ್ತೀರ್ಣ ಭಾಗಿಸಿ ತಗಡು ಕೊಂಡಿದ್ದರೆ ನಾನು ಅಂಗಡಿ ಮುಚ್ಚಬೇಕಿತ್ತು ಗುರುಗಳೇ. ಬಾಗಿದ ಅಂಚಿನ ಪಕ್ಕ ಉಳಿಯುವ ಮೂಲೆಗಳು ಯಾವ ಟೋಪಿಗೂ ಆಗುವುದಿಲ್ಲ. ಒಂದು ತುಂಡು ಅಗಲಕ್ಕೆ 43, ಉದ್ದಕ್ಕೆ 26. ಒಂದರ ಕೆಳಗೆ ಒಂದು ಎರಡು ಇಟ್ಟರೆ 52 ಚಿಲ್ಲರೆ, 56ರೊಳಗೆ ಆಯಿತು. ಪಕ್ಕದಲ್ಲಿ ಉಳಿದ 28ರ ಪಟ್ಟಿಯಲ್ಲಿ ಮೂರನೆಯದನ್ನು ತಿರುಗಿಸಿ ನಿಲ್ಲಿಸಬಹುದು. ಅಂಟಿಸುವ ಪಟ್ಟಿ ಸೇರಿಸಿದರೂ ಮೂರು ಖಂಡಿತ. 12 ಟೋಪಿಗೆ ನಾಲ್ಕು ಚಾರ್ಟ್.

ಲ್ಯಾಬ್ ಸುಮಾ
ಒಂದನ್ನು ಮೇಲೆ ಮುಖ, ಇನ್ನೊಂದನ್ನು ಕೆಳಗೆ ಮುಖ ಮಾಡಿ ನೇರ ಅಂಚು ಒಂದಕ್ಕೊಂದು ತಾಗಿಸಿದರೆ ನಾಲ್ಕು ಕೂರಬಹುದು ಅನ್ನಿಸುತ್ತದೆ. ಒಂದೇ ಕತ್ತರಿ ಓಟಕ್ಕೆ ಎರಡು ಅಂಚೂ ಸಿಗುತ್ತವೆ.

ತಗಡು ಕೆಲಸ
ಹಾಗೆ ಇಟ್ಟರೆ ಒಂದರ ಬಾಗು ಮೇಲೆ ಹೋಗುತ್ತದೆ, ಇನ್ನೊಂದರದ್ದು ಕೆಳಗೆ ಇಳಿಯುತ್ತದೆ. ಎರಡಕ್ಕೇ 37 ಎತ್ತರ, 64 ಅಗಲ ತಿನ್ನುತ್ತದೆ. ಉಳಿದದ್ದರಲ್ಲಿ ಇನ್ನೆರಡು ಎಲ್ಲಿಡುತ್ತೀರಿ? ಅಂಟಿಸುವ ಪಟ್ಟಿಗೆ ಜಾಗವೂ ಹೋಯಿತು. ನನಗೆ ನಂಬಿಕೆ ಇಲ್ಲ.

ಲ್ಯಾಬ್ ಸುಮಾ
ಹಳೆ ಪೇಪರಿನಲ್ಲಿ ನಾಲ್ಕು ತುಂಡು ಕತ್ತರಿಸಿಕೊಂಡು ಕೂತಿದ್ದೇನೆ. ಮೂರೂವರೆ ಕೂತಿದೆ ಸದ್ಯಕ್ಕೆ 😅

ಚಾರ್ಟ್‌ಪೇಪರ್ ಅಮ್ಮ
ನಾನು ಐದು ಚಾರ್ಟ್ ತಂದುಬಿಟ್ಟೆ. ನಾಲ್ಕು ಕೆಂಪು, ಒಂದು ಹಳದಿ. ಹಳದಿಯದು ನನ್ನ ತಪ್ಪುಗಳಿಗೆ.